ಮೂರು ಸಾಲಿಗೊಂದು ಪಟ್ಟೆ: ಶೇಷದ ಲೆಕ್ಕ ಎಲ್ಲಿ ತಪ್ಪಿತು?

ಪ್ರಶ್ನೆ: ಸರ್, ನಮ್ಮೂರ ಹಾಲಿನ ಸಂಘದ ಹದಿನೈದು ದಿನದ ಬಟವಾಡೆ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಇಡುತ್ತಿದ್ದೇನೆ. 62 ಸದಸ್ಯರು, ಒಬ್ಬೊಬ್ಬರಿಗೆ ಮೂರು ಸಾಲು: ಬೆಳಿಗ್ಗೆ, ಸಂಜೆ, ಒಟ್ಟು. ಕಣ್ಣು ಸಾಲು ತಪ್ಪದಿರಲಿ ಎಂದು `=MOD(ROW(),2)=0` ಹಾಕಿದೆ, ಒಂದು ಬಿಟ್ಟು ಒಂದು ಸಾಲಿಗೆ ಬಣ್ಣ ಬಂತು. ನನಗೆ ಬೇಕಾದದ್ದು ಒಬ್ಬ ಸದಸ್ಯರ ಮೂರೂ ಸಾಲಿಗೆ ಬಣ್ಣ, ಮುಂದಿನವರ ಮೂರು ಸಾಲು ಬಿಳಿ. 2ರ ಜಾಗದಲ್ಲಿ 3 ಹಾಕಿದರೆ ಮೂರಕ್ಕೊಂದು ಸಾಲು ಮಾತ್ರ ಬಣ್ಣವಾಗುತ್ತದೆ. ಕೈಯಲ್ಲೇ ಬಣ್ಣ ಹಚ್ಚಿದ್ದೆ, ಸಂಖ್ಯೆ ಪ್ರಕಾರ ಜೋಡಿಸಿದ ಕೂಡಲೇ ಎಲ್ಲಾ ಕಲಸಿಹೋಯಿತು. ಏನು ಮಾಡಲಿ?

ಉತ್ತರ: ಅಲ್ಲಿ ಬೇಕಾಗಿದ್ದ ಸಂಖ್ಯೆ 3 ಅಲ್ಲ, 6. ಯಾಕೆ ಎಂದು ತಿಳಿದರೆ ನಾಳೆ ಸಾಲು ನಾಲ್ಕಾದರೂ ಐದಾದರೂ ನೀವೇ ಬರೆದುಕೊಳ್ಳುತ್ತೀರಿ.

`ROW()` ತಾನಿರುವ ಸಾಲಿನ ಸಂಖ್ಯೆಯನ್ನು ಹೇಳುತ್ತದೆ, ಅಷ್ಟೇ. `MOD` ಭಾಗಿಸಿ ಉಳಿದ ಶೇಷವನ್ನು ಕೊಡುತ್ತದೆ. ಎರಡರಿಂದ ಭಾಗಿಸಿದರೆ ಶೇಷ 0, 1, 0, 1 ಎಂದು ಬರುತ್ತದೆ. ಸೊನ್ನೆ ಬಂದಲ್ಲಿ ಬಣ್ಣ ಎಂದಿರಿ, ಒಂದು ಬಿಟ್ಟು ಒಂದು ಆಯಿತು. ಮೂರರಿಂದ ಭಾಗಿಸಿದರೆ 0, 1, 2, 0, 1, 2. ಸೊನ್ನೆ ಮೂರಕ್ಕೊಮ್ಮೆ ಬರುತ್ತದೆ, ಹಾಗಾಗಿ ಮೂರಕ್ಕೊಂದು ಸಾಲಿಗೆ ಬಣ್ಣ. ಎಕ್ಸೆಲ್ ನೀವು ಹೇಳಿದ್ದನ್ನೇ ಮಾಡಿದೆ.

ನಿಮ್ಮ ಪಟ್ಟೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಮೂರು ಸಾಲು ಬಣ್ಣ, ಮೂರು ಸಾಲು ಬಿಳಿ, ಆಮೇಲೆ ಮತ್ತೆ ಮೊದಲಿನಿಂದ. ಅಂದರೆ ಚಿತ್ರ ಮರುಕಳಿಸುವುದು ಮೂರು ಸಾಲಿಗಲ್ಲ, ಆರು ಸಾಲಿಗೆ. ಆರರಿಂದ ಭಾಗಿಸಿದಾಗ ಶೇಷ 0, 1, 2, 3, 4, 5 ಎಂದು ಸಾಗುತ್ತದೆ. ಮೊದಲ ಮೂರಕ್ಕೆ, ಅಂದರೆ 3ಕ್ಕಿಂತ ಕಡಿಮೆ ಇದ್ದವಕ್ಕೆ ಬಣ್ಣ ಹಚ್ಚು ಎಂದರೆ ಕೆಲಸ ಮುಗಿಯಿತು. ನಿಮ್ಮ ಹಾಳೆಯಲ್ಲಿ ಮೇಲಿನ ನಾಲ್ಕು ಸಾಲು ಸಂಘದ ಹೆಸರು, ತಾರೀಖು, ಶೀರ್ಷಿಕೆಗಳಿಗೆ ಹೋಗಿ, ಲೆಕ್ಕ 5ನೇ ಸಾಲಿನಿಂದ ಶುರುವಾಗುತ್ತದೆ ಎಂದಿಟ್ಟುಕೊಳ್ಳೋಣ. ಸದಸ್ಯ ಸಂಖ್ಯೆ `A` ಕಾಲಂನಲ್ಲಿ, ಹೆಸರು `B`ಯಲ್ಲಿ, ಬೆಳಿಗ್ಗೆ–ಸಂಜೆ–ಒಟ್ಟು `C`ಯಲ್ಲಿ, ಹದಿನೈದು ದಿನ `D`ಯಿಂದ `R`ವರೆಗೆ, ಕೊನೆಯ ಮೊತ್ತ `S`ನಲ್ಲಿ. 62 ಜನಕ್ಕೆ 186 ಸಾಲು, 5ರಿಂದ 190ರವರೆಗೆ. ಹಾಗಾದರೆ ಫಾರ್ಮುಲಾ ಇದು:

```
=MOD(ROW()-5,6)<3
```

5 ಕಳೆಯುವುದು ಯಾಕೆಂದರೆ ಎಣಿಕೆ ನಿಮ್ಮ ಮೊದಲ ಸದಸ್ಯರಿಂದ ಸೊನ್ನೆಯಾಗಿ ಹೊರಡಬೇಕು. 5, 6, 7ನೇ ಸಾಲಿಗೆ ಶೇಷ 0, 1, 2, ಬಣ್ಣ. 8, 9, 10ಕ್ಕೆ 3, 4, 5, ಬಿಳಿ. 11ಕ್ಕೆ ಮತ್ತೆ ಸೊನ್ನೆ. 5 ಕಳೆಯದೆ ಬಿಟ್ಟರೆ ಪಟ್ಟೆಯೇನೋ ಬರುತ್ತದೆ, ಆದರೆ ಒಬ್ಬರ ಬೆಳಿಗ್ಗೆಯ ಸಾಲು ಇನ್ನೊಬ್ಬರ ಬಣ್ಣಕ್ಕೆ ಸೇರಿಬಿಡಬಹುದು.

ನಾನು ಈ ಫಾರ್ಮುಲಾವನ್ನು ನೇರವಾಗಿ `Conditional Formatting`ನ ನಿಯಮದ ಡಬ್ಬಿಗೆ ಹಾಕುವುದಿಲ್ಲ. ಮೊದಲು ಹಾಳೆಯ ಬಲಗಡೆ ಖಾಲಿ ಇರುವ `U5` ಸೆಲ್‌ನಲ್ಲಿ `=MOD(ROW()-5,6)` ಎಂದು ಬರೆದು ಕೆಳಗೆ ಎಳೆಯುತ್ತೇನೆ. 0, 1, 2, 3, 4, 5 ಸರಿಯಾಗಿ ಸದಸ್ಯರ ಪಕ್ಕದಲ್ಲಿ ಕೂತಿದೆಯೇ ಎಂದು ಅಲ್ಲೇ ಕಾಣುತ್ತದೆ. ಶೇಷ ಕಣ್ಣಿಗೆ ಕಂಡರೆ ತಪ್ಪು ಹುಡುಕುವುದು ಸುಲಭ. ನಿಯಮದ ಡಬ್ಬಿಯೊಳಗೆ ಬರೀ ಬಣ್ಣ ಬಂತು, ಬರಲಿಲ್ಲ ಎಂಬುದಷ್ಟೇ ಗೊತ್ತಾಗುತ್ತದೆ. ನೋಡಿಯಾದ ಮೇಲೆ ಆ ಕಾಲಂ ಅಳಿಸಿ.

ಈಗ ಆ 5ರ ಬಗ್ಗೆ ಒಂದು ಮಾತು. ಅದು ಇವತ್ತಿಗೆ ಸರಿ, ನಾಳೆಗೆ ಸರಿಯಲ್ಲ. ನಾನೇ ಒಮ್ಮೆ ಒಂದು ಅಂಗಡಿಯ ಉದ್ರಿ ಲೆಕ್ಕಕ್ಕೆ ಹೀಗೆ ಅಂಕಿಯನ್ನು ಗಟ್ಟಿಯಾಗಿ ಕೂರಿಸಿ ಕೊಟ್ಟು ಬಂದಿದ್ದೆ. ತಿಂಗಳೊಳಗೆ ಯಾರೋ ಮೇಲೆ ಒಂದು ಸಾಲು ಸೇರಿಸಿ ಜಿಎಸ್‌ಟಿ ಸಂಖ್ಯೆ ಬರೆದರು, ಪಟ್ಟೆಯೆಲ್ಲಾ ಒಂದು ಸಾಲು ಜಾರಿತು. ನಿಮ್ಮ ಹಾಳೆಯಲ್ಲಿ ಹೀಗಾದರೆ ಮೊದಲ ಸದಸ್ಯರು 6ನೇ ಸಾಲಿಗೆ ಇಳಿಯುತ್ತಾರೆ. ಅವರ ಸಾಲುಗಳ ಶೇಷ 1, 2, 3. ಬೆಳಿಗ್ಗೆ, ಸಂಜೆಗೆ ಬಣ್ಣ, ಒಟ್ಟು ಬಿಳಿ. ಆದ್ದರಿಂದ ಅಂಕಿಯ ಬದಲು ವಿಳಾಸ ಕೊಡಿ:

```
=MOD(ROW()-ROW($A$4)-1,6)<3
```

`$A$4` ಎಂದರೆ ಶೀರ್ಷಿಕೆಯ ಸಾಲು. ಮೇಲೆ ಸಾಲು ಸೇರಿದರೆ ಎಕ್ಸೆಲ್ ತಾನಾಗಿ ಅದನ್ನು `$A$5` ಎಂದು ತಿದ್ದಿಕೊಳ್ಳುತ್ತದೆ, ಎಣಿಕೆ ಹಾಳಾಗುವುದಿಲ್ಲ. ಮೊದಲ ಸದಸ್ಯರ `$A$5`ನ್ನೇ ಗೂಟ ಮಾಡಬಹುದಿತ್ತಲ್ಲ ಎನ್ನಬಹುದು. ಆ ಸದಸ್ಯರು ಹಾಲು ಹಾಕುವುದು ಬಿಟ್ಟು, ನೀವು ಅವರ ಸಾಲನ್ನು ಅಳಿಸಿದ ದಿನ ಫಾರ್ಮುಲಾದಲ್ಲಿ ಆ ವಿಳಾಸ `#REF!` ಆಗಿ ಇಡೀ ನಿಯಮ ಸುಮ್ಮನಾಗುತ್ತದೆ. ಶೀರ್ಷಿಕೆಯನ್ನು ಯಾರೂ ಅಳಿಸುವುದಿಲ್ಲ. ಗೂಟ ಅಲ್ಲೇ ಇರಲಿ.

ನಿಯಮ ಹಾಕುವ ಮುಂಚೆ ಹಳೆಯ ಕೈಬಣ್ಣ ತೆಗೆಯಿರಿ. `A5:S190` ಆಯ್ದು, ಬಣ್ಣದ ಡಬ್ಬಿಯಲ್ಲಿ `No Fill` ಒತ್ತಿ. ಇದನ್ನು ಮರೆತು ಫಾರ್ಮುಲಾ ತಪ್ಪಿದೆ ಎಂದುಕೊಳ್ಳುವವರು ಬಹಳ. ನಿಯಮದ ಬಣ್ಣ ಕೈಬಣ್ಣದ ಮೇಲೆ ಕೂರುತ್ತದೆ, ಅದನ್ನು ಅಳಿಸುವುದಿಲ್ಲ. ನಿಯಮ ಬೇಡ ಎಂದ ಸಾಲುಗಳಲ್ಲಿ ಹಳೆಯ ಬಣ್ಣ ಕೆಳಗಿನಿಂದ ಇಣುಕುತ್ತದೆ. ಸಾಲು ಜೋಡಿಸಿದಾಗ ಕಲಸಿಹೋಗಿದ್ದಕ್ಕೂ ಇದೇ ಕಾರಣ: ಕೈಬಣ್ಣ ಸೆಲ್‌ಗೆ ಅಂಟಿಕೊಂಡಿರುತ್ತದೆ, ಸೆಲ್ ಎಲ್ಲಿಗೆ ಹೋದರೂ ಜೊತೆಗೇ ಹೋಗುತ್ತದೆ. ನಿಯಮ ಜಾಗಕ್ಕೆ ಸೇರಿದ್ದು.

ಆಮೇಲೆ `A5`ರಿಂದಲೇ ಶುರುಮಾಡಿ `S190`ರವರೆಗೆ ಎಳೆದು ಆಯ್ಕೆ ಮಾಡಿ. `Home` ಪಟ್ಟಿಯಲ್ಲಿ `Conditional Formatting`, ಅದರಲ್ಲಿ `New Rule`, ಕೊನೆಯಲ್ಲಿರುವ `Use a formula to determine which cells to format`. ಡಬ್ಬಿಯಲ್ಲಿ ಮೇಲಿನ ಫಾರ್ಮುಲಾ, ಕೆಳಗೆ `Format` ಒತ್ತಿ `Fill`ನಲ್ಲಿ ಬಣ್ಣ. ಈ ಡಬ್ಬಿಗೆ ಎರಡು ಕೆಟ್ಟ ಚಾಳಿ ಇವೆ. ಬರೆಯುತ್ತಾ ಹಿಂದೆ ಹೋಗಲು ಬಾಣದ ಕೀಲಿ ಒತ್ತಿದರೆ, ಹಿಂದೆ ಹೋಗುವ ಬದಲು ಯಾವುದೋ ಸೆಲ್‌ನ ವಿಳಾಸವನ್ನು ನಡುವೆ ತುರುಕುತ್ತದೆ. ಮೊದಲು `F2` ಒತ್ತಿ, ಆಮೇಲೆ ಬಾಣ. ಇನ್ನೊಂದು, ಮುಂದಿನ `=` ಮರೆತರೆ ನೀವು ಬರೆದದ್ದನ್ನೆಲ್ಲಾ ಉದ್ಧರಣ ಚಿಹ್ನೆಯೊಳಗೆ ಹಾಕಿ ಬರೀ ಅಕ್ಷರ ಎಂದು ಇಟ್ಟುಕೊಳ್ಳುತ್ತದೆ. ಎಲ್ಲೂ ಬಣ್ಣ ಬರದಿದ್ದರೆ ನಿಯಮವನ್ನು ಮತ್ತೆ ತೆರೆದು ನೋಡಿ, `="MOD(...` ಎಂದಿದ್ದರೆ ಅದೇ ತಪ್ಪು.

ಕೆಲವರು ಇಡೀ ಕಾಲಂಗಳನ್ನೇ ಆಯ್ದು ನಿಯಮ ಹಾಕುತ್ತಾರೆ, ಮುಂದೆ ಸದಸ್ಯರು ಹೆಚ್ಚಾದರೂ ಇರಲಿ ಎಂದು. ಆಗ ಸಂಘದ ಹೆಸರಿರುವ 1ನೇ ಸಾಲಿಗೆ ಮಾತ್ರ ಬಣ್ಣ ಬಂದು, 2, 3, 4ಕ್ಕೆ ಬಾರದೆ ತಲೆ ಕೆರೆದುಕೊಳ್ಳುವಂತಾಗುತ್ತದೆ. ಶೀರ್ಷಿಕೆಯ ಸಾಲುಗಳಲ್ಲಿ ಕಳೆದ ಮೇಲೆ ಸಿಗುವುದು ಋಣ ಸಂಖ್ಯೆ. ಎಕ್ಸೆಲ್‌ನ `MOD` ಋಣ ಸಂಖ್ಯೆಗೂ ಧನ ಶೇಷವನ್ನೇ ಕೊಡುತ್ತದೆ, −1ಕ್ಕೆ 5, −4ಕ್ಕೆ 2. 1ನೇ ಸಾಲಿನ ಪಾಲಿಗೆ ಬಂದದ್ದು ಆ 2, ಅದಕ್ಕೇ ಬಣ್ಣ. ಮುಂದಿನವರಿಗೂ ಜಾಗ ಬೇಕಿದ್ದರೆ `A5:S500` ಆಯ್ದು, ಸಂಖ್ಯೆ ಬರೆಯದ ಸಾಲಿಗೆ ಬಣ್ಣ ಬೇಡ ಎಂದು ಸೇರಿಸಿ:

```
=($A5<>"")*(MOD(ROW()-ROW($A$4)-1,6)<3)
```

ನಡುವಿನ `*` ಇಲ್ಲಿ ಎರಡೂ ಮಾತು ನಿಜವಾಗಿರಬೇಕು ಎಂಬುದಕ್ಕೆ. `$A5`ನಲ್ಲಿ `A`ಯ ಮುಂದೆ ಮಾತ್ರ ಡಾಲರ್ ಇದೆ, 5ರ ಮುಂದೆ ಇಲ್ಲ: ಯಾವ ಕಾಲಂನಲ್ಲಿದ್ದರೂ ಸಂಖ್ಯೆಯನ್ನು `A`ಯಲ್ಲೇ ನೋಡು, ಸಾಲು ಮಾತ್ರ ನಿನ್ನದೇ ಇರಲಿ ಎಂದರ್ಥ. ಇಂಥ ತೇಲುವ ವಿಳಾಸ ಬಂದ ಮೇಲೆ ಆಯ್ಕೆ `A5`ರಿಂದಲೇ ಶುರುವಾಗಬೇಕು. ಕೆಳಗಿನಿಂದ ಮೇಲಕ್ಕೆ ಎಳೆದು ಆಯ್ದರೆ, ಎಕ್ಸೆಲ್ `$A5`ನ್ನು ನೀವು ಮೊದಲು ಒತ್ತಿದ ಸೆಲ್‌ಗೆ ಬರೆದದ್ದು ಎಂದು ತಿಳಿದು ಉಳಿದವನ್ನೆಲ್ಲಾ ತಪ್ಪು ಸಾಲಿಗೆ ಜೋಡಿಸುತ್ತದೆ. ಬರೀ `ROW()` ಇದ್ದಾಗ ಈ ತೊಂದರೆ ಇರಲಿಲ್ಲ.

ಇಷ್ಟಕ್ಕೆ ನಿಮ್ಮ ಪ್ರಶ್ನೆ ತೀರಿತು. ಆದರೆ ಹಾಲಿನ ಲೆಕ್ಕದಲ್ಲಿ ಇದು ಕೈಕೊಡುವ ಒಂದು ಜಾಗವಿದೆ, ಅದನ್ನು ಹೇಳದೆ ಬಿಟ್ಟರೆ ಬಟವಾಡೆಯ ದಿನ ನೀವು ನನ್ನನ್ನು ಬೈಯುತ್ತೀರಿ.

ಈ ಫಾರ್ಮುಲಾ ಎಣಿಸುವುದು ಸಾಲನ್ನು, ಸದಸ್ಯರನ್ನಲ್ಲ. 23ನೇ ಸದಸ್ಯರ ಹಸು ಬತ್ತುತ್ತಾ ಬಂದು ಬೆಳಿಗ್ಗೆ ಮಾತ್ರ ಹಾಲು ಹಾಕುತ್ತಿದ್ದಾರೆ, ಸಂಜೆಯ ಸಾಲು ಸುಮ್ಮನೆ ಖಾಲಿ ಯಾಕೆ ಎಂದು ನೀವು ಅದನ್ನು ಅಳಿಸಿದಿರಿ ಎನ್ನಿ. ಅವರ ಸಾಲುಗಳು 71, 72, 73 ಆಗಿದ್ದವು. ಈಗ 71, 72 ಮಾತ್ರ. 24ನೆಯವರು 74ರಿಂದ 73ಕ್ಕೆ ಏರಿದರು. 73ರ ಶೇಷ 2, ಅದು 23ನೆಯವರ ಬಣ್ಣ. ಅಲ್ಲಿಂದ ಕೆಳಗೆ 62ನೆಯವರ ತನಕ ಪ್ರತಿಯೊಬ್ಬರ ಬೆಳಿಗ್ಗೆಯ ಸಾಲು ಹಿಂದಿನವರ ಪಟ್ಟೆಯಲ್ಲಿ ಕೂರುತ್ತದೆ. ಪಟ್ಟೆಯನ್ನು ನಂಬಿ ಓದುವವರ ಕಣ್ಣಿಗೆ ಅದು ಹಿಂದಿನವರ ಮೂರನೇ ಸಾಲು, ಅಂದರೆ ಅವರ ಒಟ್ಟು! ಪಟ್ಟೆ ಇಲ್ಲದಿದ್ದರೂ ಪರವಾಗಿಲ್ಲ, ತಪ್ಪು ಪಟ್ಟೆ ಇರಬಾರದು. ಗುರುತಿಸುವುದು ಸುಲಭ: ಹಾಳೆಯ ಕೊನೆಗೆ ಹೋಗಿ, ಕೊನೆಯ ಸದಸ್ಯರ ಮೂರು ಸಾಲು ಒಂದೇ ಬಣ್ಣದಲ್ಲಿವೆಯೇ ನೋಡಿ. ನಡುವೆ ಎಲ್ಲಿ ಜಾರಿದ್ದರೂ ಅಲ್ಲಿ ಸಾಮಾನ್ಯವಾಗಿ ಗೊತ್ತಾಗುತ್ತದೆ. ಜಾರಿದ್ದು ಸರಿಯಾಗಿ ಮೂರು ಸಾಲಾದರೆ ಮಾತ್ರ ತಪ್ಪಿಸಿಕೊಳ್ಳುತ್ತದೆ.

ನಾನಾದರೆ ಖಾಲಿ ಸಾಲನ್ನು ಅಳಿಸದೆ ಸೊನ್ನೆ ಬರೆದು ಬಿಡುತ್ತೇನೆ. ಯಾರಾದರೂ ಅಳಿಸಿದರೆ ಗೊತ್ತಾಗಲಿ ಎಂದು ಅದೇ ಜಾಗಕ್ಕೆ ಎರಡನೇ ನಿಯಮ ಹಾಕುತ್ತೇನೆ, ಅದಕ್ಕೆ ಹಿನ್ನೆಲೆ ಬಣ್ಣ ಕೊಡದೆ ಅಕ್ಷರಕ್ಕೆ ಕೆಂಪು ಕೊಡುತ್ತೇನೆ:

```
=COUNTIF($A$5:$A$500,$A5)<>3
```

ಒಬ್ಬ ಸದಸ್ಯರ ಸಂಖ್ಯೆ ಸರಿಯಾಗಿ ಮೂರು ಸಲ ಇಲ್ಲದಿದ್ದರೆ ಅವರ ಸಾಲುಗಳೆಲ್ಲಾ ಕೆಂಪಾಗುತ್ತವೆ. ಇದಕ್ಕಾಗಿ ಸಂಖ್ಯೆ ಮೂರು ಸಾಲಿನಲ್ಲೂ ಬರೆದಿರಬೇಕು. ಮೂರು ಸೆಲ್ ಕೂಡಿಸಿ ಒಂದೇ ದೊಡ್ಡ ಸೆಲ್ ಮಾಡಿದ್ದರೆ ಅದನ್ನು ಬಿಡಿಸಿ, ಅದರಲ್ಲಿ ಮೊದಲನೆಯ ಸೆಲ್‌ನಲ್ಲಿ ಮಾತ್ರ ಸಂಖ್ಯೆ ಉಳಿದಿರುತ್ತದೆ, ಉಳಿದೆರಡು ಖಾಲಿ. ಜೋಡಿಸುವಾಗಲೂ ಎಲ್ಲ ಸಾಲಿನ ಸಂಖ್ಯೆ ಬೇಕೇ ಬೇಕು, ಇಲ್ಲದಿದ್ದರೆ ಸಂಜೆಯ ಸಾಲುಗಳು ಯಜಮಾನರಿಲ್ಲದೆ ಕೆಳಗೆ ಹೋಗಿ ಗುಂಪುಗೂಡುತ್ತವೆ.

ಸಾಲು ಎರಡೋ ಮೂರೋ ನಾಲ್ಕೋ ಎಂಬುದು ಸದಸ್ಯರಿಂದ ಸದಸ್ಯರಿಗೆ ಬದಲಾಗುವುದೇ ನಿಮ್ಮ ಸಂಘದ ರೀತಿಯಾದರೆ 6ನ್ನು ಬಿಟ್ಟುಬಿಡಿ. ಸಂಖ್ಯೆ ಬದಲಾದಾಗ ಬಣ್ಣ ಬದಲಾಗಲಿ:

```
=MOD(SUMPRODUCT(--($A$5:$A5<>$A$4:$A4)),2)=1
```

ಪ್ರತಿ ಸಾಲೂ ತನ್ನ ಮೇಲಿನ ಸಾಲಿನೊಂದಿಗೆ ಹೋಲಿಸಿ, ಮೊದಲಿನಿಂದ ತನ್ನವರೆಗೆ ಎಷ್ಟು ಸಲ ಸಂಖ್ಯೆ ಬದಲಾಯಿತು ಎಂದು ಎಣಿಸುತ್ತದೆ. ಬೆಸ ಬಂದರೆ ಬಣ್ಣ, ಸರಿ ಬಂದರೆ ಬಿಳಿ. ಮತ್ತೆ 2ಕ್ಕೇ ಬಂದೆವು ನೋಡಿ, ಆದರೆ ಈ ಸಲ ಎಣಿಸಿದ್ದು ಸದಸ್ಯರನ್ನು. 186 ಸಾಲಿಗೆ ಇದು ಏನೂ ಭಾರವಲ್ಲ. ಸಾವಿರಾರು ಸಾಲಿದ್ದರೆ ಕೆಳಗಿನ ಒಂದೊಂದು ಸೆಲ್ ಕೂಡ ಮೇಲಿನದನ್ನೆಲ್ಲಾ ಮತ್ತೆ ಮತ್ತೆ ಎಣಿಸಿ, ಹಾಳೆ ಮೇಲೆ ಕೆಳಗೆ ಸರಿಸುವಾಗ ತಡವರಿಸುತ್ತದೆ. ಒಬ್ಬರ ಸಾಲುಗಳು ಒಟ್ಟಿಗಿರಬೇಕು ಎಂಬ ಷರತ್ತೂ ಇದಕ್ಕುಂಟು.

ಇನ್ನು ಫಿಲ್ಟರ್. `C` ಕಾಲಂನಲ್ಲಿ ‘ಒಟ್ಟು’ ಮಾತ್ರ ಉಳಿಸಿದರೆ ಒಂದು ಚಂದದ ಸಂಗತಿ ನೋಡುತ್ತೀರಿ: 7, 10, 13, 16ನೇ ಸಾಲುಗಳು ಉಳಿದು, ಏನೂ ಮಾಡದೆ ಒಂದು ಬಿಟ್ಟು ಒಂದಕ್ಕೆ ಬಣ್ಣ ಬಂದಿರುತ್ತದೆ. ಪ್ರತಿ ಗುಂಪಿನಿಂದ ಒಂದೊಂದು ಸಾಲು ಉಳಿಯಿತಲ್ಲ, ಅದಕ್ಕೆ. ಆದರೆ ಸಾಲ ಬಾಕಿ ಇರುವ ಸದಸ್ಯರನ್ನಷ್ಟೇ ಉಳಿಸಿ, ಉಳಿದವರು 1, 3, 7 ಎಂದಾದರೆ ಎಲ್ಲರೂ ಬಣ್ಣದವರೇ, ಪಟ್ಟೆಯೇ ಇಲ್ಲ. `ROW()`ಗೆ ಅಡಗಿದ ಸಾಲು ಗೊತ್ತಾಗುವುದಿಲ್ಲ, 11ನೇ ಸಾಲು ಯಾವಾಗಲೂ 11ನೆಯದೇ. ಕಾಣುವ ಸಾಲನ್ನಷ್ಟೇ ಎಣಿಸಲು ಹೀಗೆ:

```
=MOD(SUBTOTAL(103,$A$5:$A5)-1,6)<3
```

103 ಎಂದರೆ ಖಾಲಿಯಲ್ಲದ, ಕಣ್ಣಿಗೆ ಕಾಣುವ ಸೆಲ್‌ಗಳನ್ನು ಎಣಿಸು ಎಂಬ ಅಪ್ಪಣೆ. ಬರೀ 3 ಎಂದರೂ ಫಿಲ್ಟರ್ ಅಡಗಿಸಿದ್ದನ್ನು ಬಿಡುತ್ತದೆ, ಆದರೆ ನೀವು ಕೈಯಾರೆ ಅಡಗಿಸಿದ ಸಾಲನ್ನು ಎಣಿಸಿಬಿಡುತ್ತದೆ. ಇಲ್ಲೂ `A` ಕಾಲಂ ಪೂರ್ತಿ ತುಂಬಿರಬೇಕು, ಮತ್ತು ಫಿಲ್ಟರ್‌ನಲ್ಲಿ ಉಳಿಯುವವರ ಮೂರು ಸಾಲೂ ಉಳಿಯಬೇಕು. ‘ಒಟ್ಟು’ ಮಾತ್ರ ಉಳಿಸಿದರೆ ಈ ಫಾರ್ಮುಲಾ ಮೂರು ಮೂರು ಸದಸ್ಯರಿಗೆ ಪಟ್ಟೆ ಹಾಕುತ್ತದೆ. ನಿಮಗೆ ಹೆಚ್ಚು ಬಳಕೆ ಯಾವುದೋ ಅದಕ್ಕೆ ತಕ್ಕದ್ದನ್ನು ಇಟ್ಟುಕೊಳ್ಳಿ, ಎರಡನ್ನೂ ಒಟ್ಟಿಗೆ ಬೇಡ.

ಫಾರ್ಮುಲಾವೇ ಬೇಡವೆನ್ನುವವರಿಗೂ ಒಂದು ದಾರಿ ಇದೆ, ಅಷ್ಟಾಗಿ ಯಾರೂ ಬಳಸುವುದಿಲ್ಲ. ಹಾಳೆಯನ್ನು `Ctrl+T` ಒತ್ತಿ ಟೇಬಲ್ ಮಾಡಿ, ಹೊಸ ಟೇಬಲ್ ಶೈಲಿಯೊಂದನ್ನು ರಚಿಸಿ, ಅದರಲ್ಲಿ `First Row Stripe` ಮತ್ತು `Second Row Stripe` ಎರಡಕ್ಕೂ `Stripe Size` 3 ಎಂದು ಕೊಟ್ಟು ಒಂದಕ್ಕೆ ಬಣ್ಣ ಆರಿಸಬಹುದು. 9ರವರೆಗೆ ಕೊಡಬಹುದು. ಫಿಲ್ಟರ್ ಹಾಕಿದಾಗ ಅದು ಕಾಣುವ ಸಾಲಿಗೆ ತಕ್ಕಂತೆ ತಾನೇ ಹೊಂದಿಕೊಳ್ಳುತ್ತದೆ. ಆದರೆ ಟೇಬಲ್ ಒಳಗೆ ಕೂಡಿಸಿದ ಸೆಲ್ ಇರುವಂತಿಲ್ಲ, ಶೀರ್ಷಿಕೆ ಒಂದೇ ಸಾಲಿನದಾಗಿರಬೇಕು. ಸಂಘದ ನಮೂನೆಗಳು ಹಾಗಿರುವುದು ಕಡಿಮೆ. ಹಾಗಾಗಿ ನಿಮಗೆ ನಿಯಮವೇ ಸರಿ ಅನ್ನಿಸುತ್ತದೆ.

ನಿಯಮ ಹಾಕಿ ಮೂರು ನಾಲ್ಕು ಬಟವಾಡೆ ಕಳೆದ ಮೇಲೆ ಪಟ್ಟೆಯಲ್ಲಿ ಅಲ್ಲಲ್ಲಿ ತೂತು ಬಿದ್ದಂತೆ ಕಂಡರೆ ಅದು ಕಾಪಿ–ಪೇಸ್ಟ್‌ನ ಕೆಲಸ. ಬೇರೆ ಹಾಳೆಯಿಂದ ತಂದು ಅಂಟಿಸಿದಾಗ ಅಂಕಿಯ ಜೊತೆ ಅಲ್ಲಿಯ ನಿಯಮ, ಇಲ್ಲವೇ ಅಲ್ಲಿಯ ನಿಯಮವಿಲ್ಲದಿರುವಿಕೆ ಕೂಡ ಬಂದು ಕೂರುತ್ತದೆ. `Conditional Formatting` ಕೆಳಗಿನ `Manage Rules` ತೆರೆದು, ಮೇಲ್ಗಡೆ `This Worksheet` ಎಂದು ಆರಿಸಿ. `Applies to` ಅಡಿ ಒಂದೇ `=$A$5:$S$190` ಇರಬೇಕಾದ ಕಡೆ ತುಂಡು ತುಂಡಾಗಿ ಹತ್ತು ವಿಳಾಸಗಳೂ ಒಂದೇ ಫಾರ್ಮುಲಾದ ನಾಲ್ಕಾರು ಪ್ರತಿಗಳೂ ಕಾಣುತ್ತವೆ. ಪ್ರತಿಗಳನ್ನೆಲ್ಲಾ ಅಳಿಸಿ, ಒಂದನ್ನು ಉಳಿಸಿ ಅದರ ಮುಂದೆ ಪೂರ್ತಿ ವಿಳಾಸ ಬರೆಯಿರಿ. ಮುಂದೆ ಅಂಟಿಸುವಾಗ `Ctrl+Alt+V` ಒತ್ತಿ `V` ಆರಿಸಿ, ಅಂಕಿ ಮಾತ್ರ ಬರುತ್ತದೆ.

ಗೂಗಲ್ ಶೀಟ್ಸ್‌ನಲ್ಲಿ ಇದೇ ಫಾರ್ಮುಲಾವನ್ನು `Custom formula is` ಆರಿಸಿ ಕೊಡಬಹುದು. ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ `Formula is` ಎಂದು ಆರಿಸಿ, ಮುಂದಿನ `=` ಬಿಟ್ಟು ಬರೆಯಿರಿ. ಅಲ್ಲಿ ಬಣ್ಣವನ್ನು ಸೆಲ್ ಸ್ಟೈಲ್ ಮೂಲಕ ಕೊಡಬೇಕು.

ಬಣ್ಣದ ಆಯ್ಕೆಯಲ್ಲಿ ತೀರಾ ತಿಳಿ ಬೂದು ಇಟ್ಟುಕೊಳ್ಳಿ. ಸಂಘದ ಗೋಡೆಗೆ ಅಂಟಿಸುವ ಪ್ರತಿ ಜೆರಾಕ್ಸ್ ಆಗುತ್ತದಲ್ಲ, ಹಸಿರು ನೀಲಿಯೆಲ್ಲಾ ಅಲ್ಲಿ ಕಪ್ಪಾಗಿ ಲೀಟರ್‌ನ ಅಂಕಿಗಳನ್ನು ನುಂಗುತ್ತವೆ. ಪರದೆಯ ಮೇಲೆ ಪಟ್ಟೆ ಇದ್ದು ಪ್ರಿಂಟ್‌ನಲ್ಲಿ ಬಾರದಿದ್ದರೆ `Page Setup`ನ `Sheet` ಪುಟದಲ್ಲಿ `Black and white` ಎಂಬ ಚೌಕಕ್ಕೆ ಗುರುತು ಬಿದ್ದಿದೆಯೇ ನೋಡಿ, ತೆಗೆಯಿರಿ.